ಗುಡ್ಡ ಕುಸಿಯುವ ಮೊದಲೇ ಓದಿಡಿ: ಕಾಫಿ ಪೂರೈಕೆ ಒಪ್ಪಂದದ ಫೋರ್ಸ್ ಮೆಜೂರ್ ಕಲಂ

ಕಾಫಿ ಮಾರಾಟದ ಒಪ್ಪಂದ ನನ್ನ ಮೇಜಿಗೆ ಬರುವಾಗ ಬೆಲೆ ಬರೆದ ಪುಟದ ಮೂಲೆ ಮಡಚಿರುತ್ತದೆ. ಬೆರಳಿನ ಗುರುತೂ ಇರುತ್ತದೆ. ಕೊನೆಯ ಎರಡು ಪುಟ ಮಾತ್ರ ಪ್ರಿಂಟರ್‌ನಿಂದ ಈಗಷ್ಟೇ ಹೊರಬಂದ ಹಾಗೆ ಇರುತ್ತವೆ. ಫೋರ್ಸ್ ಮೆಜೂರ್ ಕಲಂ ಇರುವುದು ಆ ಪುಟಗಳಲ್ಲೇ. ಮಡಿಕೇರಿಯಲ್ಲಿ ಕೂತು ಇಂಥ ಒಪ್ಪಂದ ಓದಿಕೊಡುವ ನಾನು ಈಗ ಮೊದಲು ತೆರೆಯುವುದು ಕೊನೆಯ ಪುಟವನ್ನೇ.

ಇದು ಫ್ರೆಂಚ್ ಮಾತು. ನಮ್ಮ ಕೈಮೀರಿದ ಶಕ್ತಿ ಅಂತ ಅರ್ಥ. ಭೂಕುಸಿತವೋ ಪ್ರವಾಹವೋ ಆಗಿ ಹೇಳಿದ ದಿನಕ್ಕೆ ಮಾಲು ಕೊಡಲು ಆಗದಿದ್ದರೆ ಯಾರಿಗೆ ಎಷ್ಟು ವಿನಾಯಿತಿ ಅನ್ನುವುದನ್ನು ಈ ಕಲಂ ಹೇಳುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯನ್ನು ಹುಡುಕಿದರೆ ಈ ಪದ ಸಿಗುವುದಿಲ್ಲ. ಅಂದರೆ ವಿನಾಯಿತಿ ಕಾಯ್ದೆಯಿಂದ ತಾನಾಗಿ ಬರುವುದಲ್ಲ, ನೀವು ಸಹಿ ಹಾಕಿದ ಕಾಗದದಿಂದ ಬರುವುದು. ಕಾಗದದಲ್ಲಿ ಏನೂ ಬರೆದಿಲ್ಲದಿದ್ದರೆ ಕಾಯ್ದೆಯ 56ನೇ ಸೆಕ್ಷನ್ ಇದೆ. ಆದರೆ ಒಪ್ಪಂದದ ಬುಡವೇ ಕಿತ್ತುಹೋಗುವಂಥ ಅಸಾಧ್ಯತೆ ಇದ್ದರೆ ಮಾತ್ರ ಅದು ಕೈಹಿಡಿಯುತ್ತದೆ. ಹದಿನೈದು ದಿನ ತಡವಾಯಿತು ಅನ್ನುವ ಕಷ್ಟಕ್ಕೆ ಅಲ್ಲಿ ಔಷಧಿ ಇಲ್ಲ. ಕಲಂ ಇದ್ದರೆ ಅದರ ಮಾತೇ ನಡೆಯುತ್ತದೆ, ಇಲ್ಲದಿದ್ದರೆ 56. ಸುಪ್ರೀಂ ಕೋರ್ಟ್ 2017ರಲ್ಲಿ ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ.

ಹಾಗಾಗಿ ಕಲಂ ಓದಿ ಒಂದು ಹಾಳೆಯಲ್ಲಿ ಮೂರು ಅಂಕಣ ಮಾಡಿಕೊಳ್ಳುವುದು ಒಳ್ಳೆಯದು: ಯಾವ ಘಟನೆ, ಯಾವ ನೋಟಿಸ್, ಯಾವ ವಿನಾಯಿತಿ. ಹೇಗೆ ಅಂತ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಲೆಕ್ಕ ಸುಲಭವಾಗಲಿ ಅಂತ ಉದಾಹರಣೆಯನ್ನು ನಾನೇ ಕಟ್ಟಿದ್ದೇನೆ. 2018ರ ಆಗಸ್ಟ್ ನೋಡಿದವರಿಗೆ ಅದು ಅಪರಿಚಿತ ಅನ್ನಿಸಲಾರದು.

ಉದಾಹರಣೆಯ ಒಪ್ಪಂದ

ಮಡಿಕೇರಿ ತಾಲೂಕಿನ ಬೆಳೆಗಾರರೊಬ್ಬರು ಜೂನ್‌ನಲ್ಲಿ ಒಪ್ಪಂದ ಮಾಡಿಕೊಂಡಿದ್ದಾರೆ. 50 ಕೆಜಿಯ 300 ಚೀಲ ರೋಬಸ್ಟಾ ಪಾರ್ಚ್‌ಮೆಂಟ್. ಖರೀದಿದಾರರ ಮಂಗಳೂರಿನ ಗೋದಾಮಿಗೆ ತಲುಪಿಸಬೇಕು. ಮೊದಲ 150 ಚೀಲ ಆಗಸ್ಟ್ 10ಕ್ಕೆ, ಉಳಿದ 150 ಆಗಸ್ಟ್ 25ಕ್ಕೆ. ಚೀಲಕ್ಕೆ 10,000 ರೂಪಾಯಿ ಅಂದುಕೊಳ್ಳಿ. ತಡವಾದರೆ ವಾರಕ್ಕೆ, ಅಥವಾ ವಾರದ ಯಾವುದೇ ಭಾಗಕ್ಕೆ, ತಡವಾದ ಮಾಲಿನ ಬೆಲೆಯ ಅರ್ಧ ಪರ್ಸೆಂಟ್ ದಂಡ. ಹೆಚ್ಚೆಂದರೆ 5 ಪರ್ಸೆಂಟ್.

ಕಲಂ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಹೇಳಿದರೆ ಹೀಗೆ:

"ಭೂಕಂಪ, ಪ್ರವಾಹ, ಭೂಕುಸಿತ, ಬೆಂಕಿ, ಯುದ್ಧ, ಗಲಭೆ, ಸರ್ಕಾರಿ ಆದೇಶ ಅಥವಾ ಇಂಥದ್ದೇ ಬೇರೆ ಘಟನೆ ಒಂದು ಪಕ್ಷದ ಹತೋಟಿ ಮೀರಿ ನಡೆದು, ಆ ಪಕ್ಷ ತನ್ನ ಕೆಲಸ ಮಾಡದಂತೆ ತಡೆದರೆ, ತಡೆದಷ್ಟು ಕಾಲ ಅದರ ಮೇಲೆ ಹೊಣೆ ಇರುವುದಿಲ್ಲ. ಘಟನೆ ಗೊತ್ತಾದ 7 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿದ್ದರೆ ಮಾತ್ರ ಈ ವಿನಾಯಿತಿ. ವಿನಾಯಿತಿ ಕೇಳುವವರು ಪರಿಣಾಮ ತಗ್ಗಿಸಲು ತಕ್ಕ ಪ್ರಯತ್ನ ಮಾಡಿರಬೇಕು. ಘಟನೆ 60 ದಿನ ಮೀರಿದರೆ ಯಾರು ಬೇಕಾದರೂ ಉಳಿದ ಮಾಲಿನ ಮಟ್ಟಿಗೆ ಒಪ್ಪಂದ ಮುಗಿಸಬಹುದು. ಹಣ ಕೊಡುವ ಹೊಣೆಗೆ ಈ ಕಲಂ ಅನ್ವಯಿಸದು."

ಆಗಸ್ಟ್ 16ರ ಸಂಜೆ ಗುಡ್ಡ ಜಾರಿತು. ತೋಟದ ದಾರಿ ಕಿತ್ತುಹೋಯಿತು. ಉಗ್ರಾಣದ ಒಂದು ಮೂಲೆಗೆ ಮಣ್ಣು ನುಗ್ಗಿ 40 ಚೀಲ ಹಾಳಾಯಿತು. ಮಡಿಕೇರಿ–ಸಂಪಾಜೆ ಹೆದ್ದಾರಿಯೂ ಬಂದ್. ಮೊದಲ ಕಂತಿನ 150 ಚೀಲ ಆಗಸ್ಟ್ 10ಕ್ಕೇ ಹೋಗಬೇಕಿತ್ತು, ಆದರೆ ಗೋಣಿಚೀಲ ಬಂದಿಲ್ಲ, ಲಾರಿ ಸಿಕ್ಕಿಲ್ಲ ಅಂತ ಇನ್ನೂ ಉಗ್ರಾಣದಲ್ಲೇ ಇತ್ತು. ಈ ಕೊನೆಯ ವಿಷಯ ನೆನಪಿಡಿ.

ಮೊದಲ ಹೆಜ್ಜೆ: ಕೊಡುತ್ತೇನೆ ಅಂದಿದ್ದು ಯಾವ ಕಾಫಿ?

ಇದು ಫೋರ್ಸ್ ಮೆಜೂರ್ ಕಲಂನಲ್ಲಿ ಇರುವುದಿಲ್ಲ. ಮಾಲಿನ ವಿವರ ಇರುವ ಮೊದಲ ಪುಟದಲ್ಲಿರುತ್ತದೆ. ಆದರೂ ಶುರು ಮಾಡಬೇಕಾದ್ದು ಇಲ್ಲಿಂದಲೇ.

"ಮಾರಾಟಗಾರರ ಇಂಥ ಸರ್ವೆ ನಂಬರಿನ ತೋಟದಲ್ಲಿ ಬೆಳೆದ ರೋಬಸ್ಟಾ" ಅಂತ ಇದ್ದರೆ ನೀವು ಮಾತು ಕೊಟ್ಟಿದ್ದು ಆ ತೋಟದ ಕಾಫಿಗೆ. ಬರೀ "ಕೊಡಗು ರೋಬಸ್ಟಾ ಪಾರ್ಚ್‌ಮೆಂಟ್, 15 ಟನ್" ಅಂತ ಇದ್ದರೆ ಯಾವ ತೋಟದ್ದಾದರೂ ಆಗುತ್ತದೆ. ಆಗ ನಿಮ್ಮ 40 ಚೀಲ ಮಣ್ಣು ಪಾಲಾದರೆ ಖರೀದಿದಾರರು ಕೇಳುವುದು ಒಂದೇ ಮಾತು: "ಪಕ್ಕದ ತೋಟದಿಂದ ಕೊಂಡು ಕೊಡಿ." ಕಾನೂನಿನ ಪ್ರಕಾರ ಅದು ಸರಿಯೇ. ಪೇಟೆಯಲ್ಲಿ ಕಾಫಿ ಸಿಗುತ್ತಿರುವಾಗ ಕೊಡಲು ಆಗುವುದೇ ಇಲ್ಲ ಅನ್ನುವಂತಿಲ್ಲ.

ಇದಕ್ಕೆ ಇಂಗ್ಲೆಂಡಿನ ಒಂದು ಹಳೆಯ ಆಲೂಗಡ್ಡೆ ಕೇಸು ಇದೆ, ಹೊವೆಲ್ ವರ್ಸಸ್ ಕೂಪ್ಲೆಂಡ್. ಗೊತ್ತುಮಾಡಿದ ಒಂದು ಜಮೀನಿನಲ್ಲಿ ಬೆಳೆದ 200 ಟನ್ ಕೊಡುವ ಒಪ್ಪಂದ. ರೋಗ ಬಂದು 80 ಟನ್ ಮಾತ್ರ ಕೊಡಲಾಯಿತು. 1876ರಲ್ಲಿ ಮೇಲ್ಮನವಿ ಕೋರ್ಟು ಉಳಿದ ಆಲೂಗಡ್ಡೆಗೆ ರೈತ ಹೊಣೆಯಲ್ಲ ಅಂದಿತು. ಯಾಕೆಂದರೆ ಒಪ್ಪಂದ ಆ ಜಮೀನಿನ ಬೆಳೆಗೆ ಮಾತ್ರ ಇತ್ತು. ಯಾವುದೋ ಆಲೂಗಡ್ಡೆ ಅಂತ ಬರೆದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಕೊಳೆರೋಗ ಬಂದು ಕಾಯಿ ಉದುರಿದಾಗಲೂ ಇದೇ ಪ್ರಶ್ನೆ ಬರುತ್ತದೆ.

ನಮ್ಮ ಉದಾಹರಣೆಯಲ್ಲಿ ತೋಟದ ಹೆಸರಿಲ್ಲ. ಹಾಗಾಗಿ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆಯಿರಿ: "ಮಾಲು ಹಾಳಾದರೂ ಪ್ರಮಾಣ ಕಡಿಮೆಯಾಗದು. 40 ಚೀಲ ಹೊರಗಿನಿಂದ ತರಬೇಕು."

ಎರಡನೇ ಹೆಜ್ಜೆ: ಘಟನೆಗಳ ಪಟ್ಟಿ, ಮತ್ತು ಅದರ ಹಿಂದಿನ ಕ್ರಿಯಾಪದ

ಪಟ್ಟಿಯಲ್ಲಿರುವ ಒಂದೊಂದು ಘಟನೆಯನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ಆಮೇಲೆ ಕೊಡಗಿನಲ್ಲಿ ನಿಜಕ್ಕೂ ಆಗುವಂಥವು ಅದರಲ್ಲಿವೆಯೇ ನೋಡಿ. ಎಷ್ಟೋ ಒಪ್ಪಂದಗಳ ಪಟ್ಟಿಯಲ್ಲಿ ಯುದ್ಧ, ಪರಮಾಣು ವಿಕಿರಣ ಎಲ್ಲ ಇರುತ್ತವೆ, ಭೂಕುಸಿತ ಇರುವುದಿಲ್ಲ! ಎಲ್ಲಿಂದಲೋ ಎತ್ತಿ ಅಂಟಿಸಿದ ಕಲಂ ಅಂತ ಅದರಿಂದಲೇ ಗೊತ್ತಾಗುತ್ತದೆ.

ಕೊನೆಯಲ್ಲಿ "ಇಂಥದ್ದೇ ಬೇರೆ ಘಟನೆ" ಅಂತ ಇದೆಯಲ್ಲಾ ಅನ್ನುತ್ತಾರೆ. ಅದನ್ನು ಜಾಸ್ತಿ ನಂಬಬೇಡಿ. ಕೋರ್ಟುಗಳು ಈ ಕಲಂ ಅನ್ನು ಬಿಗಿಯಾಗಿ ಓದುತ್ತವೆ. ಪಟ್ಟಿಯಲ್ಲಿರುವುದರ ಜಾತಿಗೇ ಸೇರಿದ ಘಟನೆಯಾಗಿದ್ದರೆ ಆ ಮಾತು ಒಳಗೆ ಬಿಟ್ಟುಕೊಳ್ಳುತ್ತದೆ. ಗುಡ್ಡ ಬಿರುಕು ಬಿಟ್ಟಿದೆ ಅಂತ ಜನರನ್ನು ಸ್ಥಳಾಂತರಿಸಿದರೆ ಅದು ಭೂಕುಸಿತದ ನೆಂಟ ಅನ್ನಬಹುದು. ಕುಯ್ಲಿಗೆ ಆಳು ಸಿಗಲಿಲ್ಲ ಅನ್ನುವುದು ಯಾವ ಲೆಕ್ಕದಲ್ಲೂ ನೆಂಟ ಅಲ್ಲ.

ಮಳೆಯ ವಿಷಯದಲ್ಲಿ ನಮಗೆ ಒಂದು ವಿಶೇಷ ತೊಂದರೆ ಇದೆ. ಭಾಗಮಂಡಲದಲ್ಲಿ ಜುಲೈನಲ್ಲಿ ಜೋರು ಮಳೆ ಬಂತು ಅನ್ನುವುದು ಒಂದು ಘಟನೆಯೇ ಅಲ್ಲ. ಒಪ್ಪಂದಕ್ಕೆ ಸಹಿ ಹಾಕುವಾಗ ಇಬ್ಬರಿಗೂ ಗೊತ್ತಿದ್ದ ಸಂಗತಿ ಅದು. ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ಜಿಲ್ಲಾಧಿಕಾರಿ ಹಾಕುವ ನಿರ್ಬಂಧಕ್ಕೂ ಇದೇ ಮಾತು. "ಸರ್ಕಾರಿ ಆದೇಶ" ಅಂತ ಪಟ್ಟಿಯಲ್ಲಿದೆ ನಿಜ, ಆದರೆ ಮಳೆಗಾಲದಲ್ಲಿ ಮೊದಲೂ ಬಂದಿರುವಂಥ ಆದೇಶವನ್ನು ಆಗಸ್ಟ್ ಡೆಲಿವರಿ ಒಪ್ಪಿಕೊಂಡವರು ಊಹಿಸಬೇಕಿತ್ತು ಅಂತ ಎದುರಿನ ವಕೀಲರು ವಾದ ಹೂಡುತ್ತಾರೆ. ಅದರ ಬದಲು ಒಂದು ನಿರ್ದಿಷ್ಟ ಕುಸಿತದಿಂದಾಗಿ ಒಂದು ನಿರ್ದಿಷ್ಟ ರಸ್ತೆ ಮುಚ್ಚಿದ ಆದೇಶ ಇದ್ದರೆ ವಾದ ಗಟ್ಟಿ.

ಈಗ ಕ್ರಿಯಾಪದ. ಇಂಗ್ಲಿಷ್ ಪ್ರತಿಯಲ್ಲಿ "ಪ್ರಿವೆಂಟ್" ಅಂತ ಮಾತ್ರ ಇದೆಯೋ, "ಹಿಂಡರ್" ಅಥವಾ "ಡಿಲೇ" ಅಂತಲೂ ಇದೆಯೋ ನೋಡಿ, ಗೆರೆ ಎಳೆಯಿರಿ. ಮೊದಲನೆಯದು ತಡೆಯುವುದು, ಅಂದರೆ ಆಗುವುದೇ ಇಲ್ಲ ಅನ್ನುವ ಸ್ಥಿತಿ. ಉಳಿದೆರಡು ಅಡ್ಡಿಯಾಗುವುದು, ತಡವಾಗುವುದು. "ಪ್ರಿವೆಂಟ್" ಮಾತ್ರ ಇದ್ದರೆ, ಸಂಪಾಜೆ ರಸ್ತೆ ಮುಚ್ಚಿದೆ ಅನ್ನುವುದಷ್ಟೇ ಸಾಲದು. ಸುತ್ತಿಬಳಸಿ ಹೋಗುವ ದಾರಿ ತೆರೆದಿದ್ದರೆ ಲಾರಿ ಬಾಡಿಗೆ ಹೆಚ್ಚಾದರೂ ಹೋಗಲೇಬೇಕು. ಖರ್ಚು ಹೆಚ್ಚಾಗುವುದಕ್ಕೂ ತಡೆಯಾಗುವುದಕ್ಕೂ ವ್ಯತ್ಯಾಸ ಇದೆ.

ಬೆಲೆ ಏರಿಕೆಗೂ ಇದೇ ಉತ್ತರ. 2024ರಲ್ಲಿ ರೋಬಸ್ಟಾ ಬೆಲೆ ಹುಚ್ಚುಚ್ಚಾಗಿ ಏರಿದಾಗ ಹಳೆಯ ದರಕ್ಕೆ ಸಹಿ ಹಾಕಿದ್ದ ಕೆಲವರು "ಇದೂ ಫೋರ್ಸ್ ಮೆಜೂರ್ ಅಲ್ವಾ?" ಅಂತ ಕೇಳಿದ್ದುಂಟು. ಅಲ್ಲ. ಎನರ್ಜಿ ವಾಚ್‌ಡಾಗ್ ಕೇಸಿನಲ್ಲಿ ಇಂಡೋನೇಷ್ಯಾದ ಕಲ್ಲಿದ್ದಲು ದುಬಾರಿಯಾಯಿತು ಅಂತ ವಿದ್ಯುತ್ ಕಂಪನಿಗಳು ಕೇಳಿದ್ದೂ ಇದನ್ನೇ, ಕೋರ್ಟು ಒಪ್ಪಲಿಲ್ಲ.

ನಮ್ಮ ಬೆಳೆಗಾರರ ಹಾಳೆಯಲ್ಲಿ ಈಗ ಹೀಗೆ ಬರುತ್ತದೆ. ಭೂಕುಸಿತ: ಪಟ್ಟಿಯಲ್ಲಿದೆ. ತೋಟದ ದಾರಿ ಕಿತ್ತುಹೋಗಿದ್ದು: ತಡೆಯೇ, ಬೇರೆ ದಾರಿ ಇಲ್ಲ. ಸಂಪಾಜೆ ಹೆದ್ದಾರಿ ಬಂದ್: ಅನುಮಾನ, ಬದಲಿ ದಾರಿ ಇದೆಯೇ ನೋಡಬೇಕು. ಮೊದಲ ಕಂತು: ಇದರ ಅಡಿ ಬರುವುದಿಲ್ಲ. ಆಗಸ್ಟ್ 10ಕ್ಕೆ ಗುಡ್ಡ ಗಟ್ಟಿಯಾಗಿಯೇ ನಿಂತಿತ್ತು. ಮಾಲು ಹೋಗದೇ ಇದ್ದದ್ದು ಗೋಣಿಚೀಲ, ಲಾರಿಯ ಕಾರಣಕ್ಕೆ. ಮೊದಲೇ ತಪ್ಪಿದ ಗಡುವಿಗೆ ಆಮೇಲೆ ನಡೆದ ಘಟನೆ ರಕ್ಷಣೆ ಕೊಡುವುದಿಲ್ಲ.

ಮೂರನೇ ಹೆಜ್ಜೆ: ನೋಟಿಸ್

ಒಳ್ಳೆಯ ಕೇಸು ಸೋಲುವುದು ಹೆಚ್ಚಾಗಿ ಇಲ್ಲೇ. ಒಮ್ಮೆ ಒಬ್ಬರು ಫೋನ್ ಮುಂದೆ ಹಿಡಿದು, "ಸಾರ್, ಅವತ್ತೇ ವಾಟ್ಸಾಪ್ ಮಾಡಿದ್ದೆ, ಫೋಟೋನೂ ಹಾಕಿದ್ದೆ, ನೋಡಿ ಎರಡು ನೀಲಿ ಗೆರೆ" ಅಂದರು. ಒಪ್ಪಂದ ತೆರೆದೆ. ನೋಟಿಸ್ ಕಲಂನಲ್ಲಿ ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡೂ ಬೇಕು ಅಂತ ಇತ್ತು. ಮೆಸೇಜು ಹೋಗಿದ್ದು ಖರೀದಿ ಏಜೆಂಟರಿಗೆ, ಕಂಪನಿಗಲ್ಲ. ಕೊನೆಗೆ ರಾಜಿಯಲ್ಲಿ ಅರ್ಧ ಕಳೆದುಕೊಂಡರು.

ನೋಟಿಸ್ ಬಗ್ಗೆ ಎರಡು ಕಡೆ ಓದಬೇಕು. ಎಷ್ಟು ದಿನ ಅನ್ನುವುದು ಫೋರ್ಸ್ ಮೆಜೂರ್ ಕಲಂನಲ್ಲಿರುತ್ತದೆ. ಹೇಗೆ, ಯಾರಿಗೆ, ಯಾವ ವಿಳಾಸಕ್ಕೆ ಅನ್ನುವುದು "ನೋಟಿಸಸ್" ಅನ್ನುವ ಬೇರೆ ಕಲಂನಲ್ಲಿರುತ್ತದೆ. ಎರಡನ್ನೂ ಸೇರಿಸಿ ಹಾಳೆಗೆ ಇಳಿಸಿ.

ದಿನ ಎಣಿಸುವಾಗ ಶುರು ಎಲ್ಲಿಂದ ನೋಡಿ. "ಘಟನೆ ನಡೆದ" ಅಂತಲೋ, "ಗೊತ್ತಾದ" ಅಂತಲೋ? ಬೆಂಗಳೂರಿನಲ್ಲಿ ಕೂತ ಮಾಲೀಕರಿಗೆ ರೈಟರ್ ಮೂರು ದಿನ ತಡವಾಗಿ ಹೇಳಿದ್ದರೆ ಈ ವ್ಯತ್ಯಾಸಕ್ಕೆ ಬೆಲೆ ಇದೆ. ಹಾಗೆಯೇ ನೋಟಿಸ್ ಕಳಿಸಿದ ದಿನ ಲೆಕ್ಕವೋ, ಅವರಿಗೆ ತಲುಪಿದ ದಿನ ಲೆಕ್ಕವೋ? ತಲುಪಿದ ದಿನ ಅಂತ ಇದ್ದರೆ ಅಂಚೆಗೆ ಮೂರು ನಾಲ್ಕು ದಿನ ಬಿಟ್ಟುಕೊಂಡು ಎಣಿಸಿ. ಅಂದಹಾಗೆ, 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ. ಹಳೆಯ ಒಪ್ಪಂದದಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅಂತ ಇದ್ದರೆ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್‌ಗೆ ರಿಜಿಸ್ಟ್ರೇಷನ್ ಸೇರಿಸಿ ಅಂತ ಕೇಳಿ, ರಸೀದಿ ಇಟ್ಟುಕೊಳ್ಳಿ.

ಮುಖ್ಯ ಮಾತು "ಮಾತ್ರ". ನಮ್ಮ ಕಲಂನಲ್ಲಿ "ನೋಟಿಸ್ ಕೊಟ್ಟಿದ್ದರೆ ಮಾತ್ರ" ಅಂತ ಇದೆ. ಇಂಥ ಕಡೆ 8ನೇ ದಿನದ ನೋಟಿಸ್ ನೋಟಿಸೇ ಅಲ್ಲ ಅಂತ ವಾದಿಸಲು ಎದುರಿನವರಿಗೆ ದಾರಿ ಸಿಗುತ್ತದೆ. "ಮಾತ್ರ" ಇಲ್ಲದೆ, ಸುಮ್ನೆ "ನೋಟಿಸ್ ಕೊಡಬೇಕು" ಅಂತ ಇದ್ದರೆ ತಡವಾದ ನೋಟಿಸಿಗೂ ಸ್ವಲ್ಪ ಜೀವ ಉಳಿದಿರುತ್ತದೆ.

ನಮ್ಮ ಬೆಳೆಗಾರರಿಗೆ ಆಗಸ್ಟ್ 16ರಿಂದ 7 ದಿನ, ಅಂದರೆ 23ರವರೆಗೆ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಅವರು 22ಕ್ಕೆ ನಡೆದೂ ಜೀಪು ಹತ್ತಿಯೂ ಕುಶಾಲನಗರ ಸೇರಿ, ಇಮೇಲ್ ಕಳಿಸಿ ಅಂಚೆಗೂ ಹಾಕಿದರು. ಬರೆದದ್ದು ಇಷ್ಟೇ:

"ಜೂನ್ ತಿಂಗಳ ನಮ್ಮ ಒಪ್ಪಂದದ ಫೋರ್ಸ್ ಮೆಜೂರ್ ಕಲಂ ಪ್ರಕಾರ ಈ ನೋಟಿಸ್. ಆಗಸ್ಟ್ 16ರ ಸಂಜೆ ಸುಮಾರು 6 ಗಂಟೆಗೆ ನಮ್ಮ ತೋಟದ ಬಳಿ ಭೂಕುಸಿತವಾಗಿ ಉಗ್ರಾಣಕ್ಕೆ ಲಾರಿ ಬರುವ ಏಕೈಕ ದಾರಿ ಕೊಚ್ಚಿಹೋಗಿದೆ. ಇದರಿಂದ ಆಗಸ್ಟ್ 25ಕ್ಕೆ ಕೊಡಬೇಕಾದ 150 ಚೀಲ ಕಳಿಸಲು ಸಾಧ್ಯವಾಗುತ್ತಿಲ್ಲ. ದಾರಿ ಸರಿಯಾಗಲು ಮೂರರಿಂದ ನಾಲ್ಕು ವಾರ ಬೇಕಾಗಬಹುದು. ದುರಸ್ತಿಗೆ ಜೆಸಿಬಿ ಗೊತ್ತುಮಾಡಿದ್ದೇವೆ. ಮುಂದಿನ ಸ್ಥಿತಿಯನ್ನು ವಾರಕ್ಕೊಮ್ಮೆ ತಿಳಿಸುತ್ತೇವೆ. ಫೋಟೋ ಲಗತ್ತಿಸಿದೆ."

ಇದರಲ್ಲಿ ಕಲಂನ ಹೆಸರು, ದಿನ, ತಡೆಯಾದ ಕೆಲಸ, ಎಷ್ಟು ಚೀಲ, ಎಷ್ಟು ದಿನ, ತಾವು ಮಾಡುತ್ತಿರುವ ಪ್ರಯತ್ನ ಎಲ್ಲ ಇದೆ. ಕಷ್ಟ ಹೇಳಿಕೊಂಡು ಎರಡು ಪುಟ ಬರೆಯುವವರಿದ್ದಾರೆ, ಅದರಲ್ಲಿ ಕಲಂನ ಹೆಸರೇ ಇರುವುದಿಲ್ಲ. ಓದಿದವರು ಅಯ್ಯೋ ಪಾಪ ಅನ್ನುತ್ತಾರೆ, ಆಮೇಲೆ ದಂಡ ಹಾಕುತ್ತಾರೆ.

ಸಾಕ್ಷಿಯನ್ನು ಆ ವಾರವೇ ಕೂಡಿಸಿಡಿ. ನಡೆದದ್ದನ್ನು ರುಜುವಾತು ಮಾಡುವ ಹೊಣೆ ವಿನಾಯಿತಿ ಕೇಳುವವರದ್ದೇ. ಗ್ರಾಮ ಆಡಳಿತಾಧಿಕಾರಿ ಬಂದು ಮಾಡಿದ ಮಹಜರಿನ ಪ್ರತಿ, ರಸ್ತೆ ಮುಚ್ಚಿದ ಆದೇಶ, ಉಗ್ರಾಣದ ಸ್ಟಾಕ್ ಪುಸ್ತಕದ ಪುಟ, ದಿನಾಂಕ ಕಾಣುವ ಫೋಟೋ, ಜೆಸಿಬಿಯವರ ಬಿಲ್ಲು. ಹೋಬಳಿ ಮಟ್ಟದ ಮಳೆ ಅಂಕಿಅಂಶ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ. ಇವುಗಳಲ್ಲಿ ಸ್ಟಾಕ್ ಪುಸ್ತಕವನ್ನು ಎಲ್ಲರೂ ಮರೆಯುತ್ತಾರೆ. ಅವತ್ತು ಉಗ್ರಾಣದಲ್ಲಿ ಮಾಲು ಇತ್ತು ಅಂತಲೇ ತೋರಿಸಲಾಗದಿದ್ದರೆ, ಗುಡ್ಡ ಕುಸಿಯದಿದ್ದರೂ ನೀವು ಕೊಡುತ್ತಿರಲಿಲ್ಲ ಅಂತ ಹೇಳಿಬಿಡುತ್ತಾರೆ.

ನಾಲ್ಕನೇ ಹೆಜ್ಜೆ: ಸಿಗುವ ವಿನಾಯಿತಿ ಎಷ್ಟು?

ಫೋರ್ಸ್ ಮೆಜೂರ್ ಅಂದರೆ ಒಪ್ಪಂದ ರದ್ದು ಅಂತ ತುಂಬ ಜನ ತಿಳಿದಿದ್ದಾರೆ. ಹೆಚ್ಚಿನ ಕಲಂಗಳಲ್ಲಿ ಅದು ಬರೀ ನಿಲುಗಡೆ. ಗಡಿಯಾರ ನಿಲ್ಲುತ್ತದೆ, ತಡೆ ಹೋದ ಕೂಡಲೇ ಮತ್ತೆ ಓಡುತ್ತದೆ.

ಲೆಕ್ಕ ಹಾಕೋಣ. ತೋಟದ ದಾರಿ ಲಾರಿ ಓಡಾಡುವ ಹಾಗಾದದ್ದು ಸೆಪ್ಟೆಂಬರ್ 12ಕ್ಕೆ. ಆಗಸ್ಟ್ 16ರಿಂದ 27 ದಿನ. ಎರಡನೇ ಕಂತಿನ ಗಡುವು ಆಗಸ್ಟ್ 25ರಿಂದ 27 ದಿನ ಮುಂದೆ, ಅಂದರೆ ಸೆಪ್ಟೆಂಬರ್ 21ಕ್ಕೆ ಹೋಗುತ್ತದೆ. ಸಂಪಾಜೆ ಹೆದ್ದಾರಿ ಆಗಲೂ ಮುಚ್ಚಿಯೇ ಇತ್ತು ಅನ್ನಿ. ಅದು ತೆರೆಯುವವರೆಗೆ ಕಾಯುತ್ತೇನೆ ಅನ್ನುವಂತಿಲ್ಲ. ಬೇರೆ ದಾರಿಯಲ್ಲಿ ಹೋಗಬಹುದು, ಹೆಚ್ಚಿನ ಬಾಡಿಗೆ ಬೆಳೆಗಾರರದ್ದೇ. 21ರೊಳಗೆ 150 ಚೀಲ ಕೊಟ್ಟರೆ, ಅದರಲ್ಲಿ 40 ಹೊರಗಿನಿಂದ ಕೊಂಡು ಸೇರಿಸಿದ್ದು, ಆ ಕಂತಿಗೆ ದಂಡ ಇಲ್ಲ.

ಮೊದಲ ಕಂತಿಗೆ ಇದೆ. 150 ಚೀಲದ ಬೆಲೆ 15 ಲಕ್ಷ. ವಾರಕ್ಕೆ ಅರ್ಧ ಪರ್ಸೆಂಟ್ ಅಂದರೆ 7,500 ರೂಪಾಯಿ. ಸೆಪ್ಟೆಂಬರ್ 15ಕ್ಕೆ ಮಾಲು ತಲುಪಿದರೆ ಆಗಸ್ಟ್ 10ರಿಂದ 36 ದಿನ, ಅಂದರೆ ಐದು ವಾರದ ಮೇಲೆ ಒಂದು ದಿನ. ವಾರದ ಭಾಗವೂ ವಾರವೇ ಆದ್ದರಿಂದ ಆರು ವಾರ, 45,000 ರೂಪಾಯಿ. ಬೆಳೆಗಾರರು ಆಗಸ್ಟ್ 16ರ ನಂತರದ ದಿನಗಳನ್ನು ಬಿಡಿ ಅಂತ ಕೇಳಬಹುದು. ಬಿಟ್ಟರೆ ದಂಡ ಸುಮಾರಾಗಿ ಇಳಿಯುತ್ತದೆ. ಚೌಕಾಸಿಗೆ ಅದು ಒಳ್ಳೆಯ ಮಾತು, ಆದರೆ ಹಕ್ಕು ಅಂತ ನಾನು ಹೇಳಲಾರೆ. ಹೇಳಿದ ದಿನ ಕಳಿಸಿದ್ದರೆ ಆ ಮಾಲು ಕುಸಿತಕ್ಕೆ ಸಿಗುತ್ತಲೇ ಇರಲಿಲ್ಲ ಅನ್ನುವುದು ಖರೀದಿದಾರರ ಉತ್ತರ.

ಇನ್ನೆರಡು ವಿಷಯ ಇದೇ ಅಂಕಣಕ್ಕೆ ಸೇರಿಸಿ. ವಿನಾಯಿತಿ ಸಮಯಕ್ಕೆ, ಗುಣಮಟ್ಟಕ್ಕಲ್ಲ. ಒಂದು ತಿಂಗಳು ಮಳೆಯಲ್ಲಿ ಕೂತ ಪಾರ್ಚ್‌ಮೆಂಟ್ ತೇವ ಹೀರಿ ಒಪ್ಪಂದದ ಮಿತಿ ದಾಟಿದರೆ ಖರೀದಿದಾರರು ವಾಪಸ್ ಕಳಿಸಬಹುದು. ಲಾರಿಗೆ ತುಂಬುವ ಮೊದಲು ಮಾಯಿಶ್ಚರ್ ಮೀಟರ್ ಹಿಡಿದು ನೋಡಿ. ಇನ್ನೊಂದು ಆ 60 ದಿನ. ಅಕ್ಟೋಬರ್ 15 ದಾಟಿಯೂ ತಡೆ ಇದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ಉಳಿದ ಮಾಲಿಗೆ ಕೈಬಿಡಬಹುದು. ಮುಂಗಡ ಪಡೆದಿದ್ದರೆ ಕೊಡದ ಮಾಲಿನ ಪಾಲು ವಾಪಸ್ ಕೊಡಬೇಕಾಗುತ್ತದೆ, ಯಾಕೆಂದರೆ ಹಣದ ಹೊಣೆಯನ್ನು ಕಲಂ ಹೊರಗಿಟ್ಟಿದೆ.

ಸೆಪ್ಟೆಂಬರ್ 12ಕ್ಕೆ ಇನ್ನೊಂದು ನೋಟಿಸ್ ಹೋಗಬೇಕು: ತಡೆ ಮುಗಿದಿದೆ, ಹೊಸ ಗಡುವು ಸೆಪ್ಟೆಂಬರ್ 21, ಲಾರಿ ಇಂಥ ದಿನ ಹೊರಡುತ್ತದೆ. ಕಲಂ ಕೇಳದಿದ್ದರೂ ಕಳಿಸಿ. ಹೊಸ ದಿನಾಂಕವನ್ನು ನೀವೇ ಬರೆದು ಕಳಿಸಿದರೆ ಎಣಿಕೆಯಲ್ಲಿ ಜಗಳ ಇದ್ದರೆ ಆಗಲೇ ಹೊರಬರುತ್ತದೆ, ಬಿಲ್ಲು ಪಾಸಾಗುವ ಹೊತ್ತಿಗಲ್ಲ.

ಇನ್ನೂ ಸಹಿ ಹಾಕಿಲ್ಲದವರಿಗೆ

ದೊಡ್ಡ ಖರೀದಿದಾರರು ಅಚ್ಚು ಹಾಕಿದ ಒಪ್ಪಂದ ಬದಲಿಸುವುದಿಲ್ಲ ಅಂತ ಬೆಳೆಗಾರರು ಕೇಳುವುದನ್ನೇ ಬಿಟ್ಟಿದ್ದಾರೆ. ಇಡೀ ಕಲಂ ಬದಲಿಸಿ ಅಂದರೆ ಒಪ್ಪಲಿಕ್ಕಿಲ್ಲ. ಮೂರು ಚಿಕ್ಕ ತಿದ್ದುಪಡಿ ಕೇಳಿ ನೋಡಿ. ಮಾಲಿನ ವಿವರದಲ್ಲಿ "ಮಾರಾಟಗಾರರ ತೋಟದಲ್ಲಿ ಬೆಳೆದ" ಅನ್ನುವ ಮಾತು. ಪಟ್ಟಿಯಲ್ಲಿ "ಭೂಕುಸಿತ, ಭೂಕುಸಿತದಿಂದ ರಸ್ತೆ ಮುಚ್ಚುವುದು". ನೋಟಿಸಿಗೆ 7ರ ಬದಲು 14 ದಿನ, ಇಮೇಲ್ ಒಂದೇ ಸಾಕು ಅನ್ನುವ ಸಾಲು. ಮೂರನೆಯದನ್ನು ಹೆಚ್ಚಿನವರು ಒಪ್ಪುತ್ತಾರೆ. ಮೊದಲನೆಯದಕ್ಕೆ ತಕರಾರು ಬರುತ್ತದೆ, ಯಾಕೆಂದರೆ 40 ಚೀಲದ ನಷ್ಟ ಯಾರ ತಲೆಗೆ ಅನ್ನುವುದು ಆ ಮಾತಿನಲ್ಲೇ ಇದೆ ಅಂತ ಅವರಿಗೂ ಗೊತ್ತು.